ಪ್ರೋಗ್ರೆಸಿವ್ ಲೆನ್ಸ್ ಒಗ್ಗುತ್ತಿಲ್ಲ, ಟ್ರಯಲ್ ಅವಧಿ ಮುಗಿದಿದೆ: ಅಂಗಡಿಗೆ ಬರೆದ ಪತ್ರ ನೋಡಿ ಹೇಳಿ

ಕರಡು ತಿದ್ದುವವಳು

ನನಗೆ 52 ವರ್ಷ. ದಿನವಿಡೀ ಕರಡು ತಿದ್ದುವ ಕೆಲಸ, ಅರ್ಧ ಕಾಗದದಲ್ಲಿ, ಅರ್ಧ ಸ್ಕ್ರೀನ್ ಮೇಲೆ. ಪ್ರೋಗ್ರೆಸಿವ್ ನನಗೆ ಹೊಸದಲ್ಲ. ಹಿಂದಿನ ಜೋಡಿಯನ್ನು ನಾಲ್ಕು ವರ್ಷ ಹಾಕಿದ್ದೇನೆ, ಒಂದು ದಿನವೂ ತಕರಾರು ಇರಲಿಲ್ಲ. ಈ ಸಲ ಬೇರೆ ಅಂಗಡಿಯಲ್ಲಿ ಮಾಡಿಸಿದೆ. ದೂರದ ಪವರ್ ಕಾಲು ಹೆಚ್ಚಾಗಿದೆ, ಓದಲು ಅದರ ಮೇಲೆ ಕೂಡಿಸುವ ಪವರ್, ಆಡ್ ಅನ್ನುತ್ತಾರಲ್ಲ, ಅದು 1.75 ಇದ್ದದ್ದು 2.00 ಆಗಿದೆ, ಅಷ್ಟೇ.

ಹೊಸದರಲ್ಲಿ ದೂರ ಚೆನ್ನಾಗಿ ಕಾಣುತ್ತದೆ. ಓದಲು ಕೂತರೆ ಮಾತ್ರ ಹಿಂಸೆ. ಸ್ಕ್ರೀನ್ ಇನ್ನೂ ಕಷ್ಟ. ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಅಂಗಡಿಯವರು 30 ದಿನ ಟ್ರಯಲ್ ಅಂದಿದ್ದರು. 9ನೇ ದಿನ ಹೋದೆ, "ಅಭ್ಯಾಸ ಆಗುತ್ತೆ" ಅಂದರು. 22ನೇ ದಿನ ಹೋದೆ, ಕಿವಿಯ ಹತ್ತಿರ ಕಡ್ಡಿ ಬಗ್ಗಿಸಿ ಕಳಿಸಿದರು. ಇವತ್ತು 38ನೇ ದಿನ. ಫೋನ್ ಮಾಡಿದರೆ ಟ್ರಯಲ್ ಮುಗಿಯಿತು ಅನ್ನುತ್ತಾರೆ.

ಪತ್ರ ಹೀಗೆ ಬರೆದಿದ್ದೇನೆ:

"ನೀವು ಕೊಟ್ಟ ಲೆನ್ಸ್ ಕಳಪೆಯಾಗಿದೆ. ಒಂದು ತಿಂಗಳಿಂದ ನನಗೆ ತಲೆನೋವು, ಕುತ್ತಿಗೆ ನೋವು. ಎರಡು ಸಲ ಬಂದರೂ ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಕೂಡಲೇ ಒಳ್ಳೆಯ ಲೆನ್ಸ್ ಹಾಕಿಕೊಡಿ, ಇಲ್ಲವಾದರೆ ಮುಂದಿನ ಕ್ರಮ ತೆಗೆದುಕೊಳ್ಳುತ್ತೇನೆ."

ಇದು ಸಾಕಾ? ಇನ್ನೂ ಖಾರ ಬೇಕಾ?

ಹತ್ತಿರದ ಅಕ್ಷರ

ನನಗೂ ಹೀಗೇ ಆಗಿತ್ತು ಮೇಡಂ. ಮೊದಲ ಸಲ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಮೆಟ್ಟಿಲೇ ತೇಲಿದಂತೆ ಆಗಿ ಗೋಡೆ ಹಿಡಿದುಕೊಂಡಿದ್ದೆ. ಎರಡು ತಿಂಗಳು ಬೇಕಾಯಿತು. ಮಧ್ಯೆ ಮಧ್ಯೆ ಹಳೆಯ ಕನ್ನಡಕ ಹಾಕುತ್ತಿದ್ದರೆ ಯಾವತ್ತೂ ಒಗ್ಗುವುದಿಲ್ಲ. ಹಳೆಯದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.

ಕಪ್ಪು ಗಾಜು

ನನ್ನದೂ ಇದೇ ಕಂಪ್ಲೇಂಟ್. ಬಿಸಿಲಿಗೆ ಹೋದರೆ ಕಪ್ಪಾಗುತ್ತೆ, ಕಾರಿನ ಒಳಗೆ ಕೂತರೆ ಆಗಲ್ಲ. ಬದಲಾಯಿಸಿ ಕೊಡ್ತಾರಾ?

ಕರಡು ತಿದ್ದುವವಳು

ಅದು ಬೇರೆ ಲೆನ್ಸ್ ಅಲ್ವಾ? ನನ್ನದು ಬಣ್ಣ ಬದಲಾಗುವುದಲ್ಲ. ಮೇಲೆ ದೂರ, ಕೆಳಗೆ ಹತ್ತಿರ ಕಾಣುವುದು.

ಫಿಟ್ಟಿಂಗ್ ಮೇಜು

ಕಪ್ಪು ಗಾಜು ಅವರೇ, ಆ ಲೆನ್ಸ್ ಕಪ್ಪಾಗಲು ನೇರಳಾತೀತ ಕಿರಣ ಬೇಕು, ಕಾರಿನ ಮುಂದಿನ ಗಾಜು ಅದನ್ನು ಬಹುಪಾಲು ತಡೆದುಬಿಡುತ್ತದೆ. ನಿಮ್ಮದರಲ್ಲಿ ದೋಷ ಇಲ್ಲ.

ಮೇಡಂ, ನಾನು ಹದಿನೆಂಟು ವರ್ಷ ಕನ್ನಡಕದ ಅಂಗಡಿಯಲ್ಲಿ ಅಳತೆ ತೆಗೆಯುವ ಕೆಲಸ ಮಾಡಿದವನು. ನಿಮ್ಮ ಪತ್ರ ಕೈಗೆ ಬಂದರೆ ನಾನೂ ಪಕ್ಕಕ್ಕಿಡುತ್ತಿದ್ದೆ. ಖಾರ ಕಡಿಮೆ ಅಂತಲ್ಲ. ಅದರಲ್ಲಿ ನಾನು ಮಾಡಬಹುದಾದ ಕೆಲಸ ಯಾವುದೂ ಇಲ್ಲ. "ಕಳಪೆ" ಅಂದರೆ ಏನು ತಿದ್ದಲಿ? ಲ್ಯಾಬ್‌ಗೆ ಏನಂತ ಬರೆದು ಕಳಿಸಲಿ? ಅದೇ ಅಳತೆಗೆ ಅದೇ ಲೆನ್ಸ್ ಮತ್ತೊಮ್ಮೆ ಮಾಡಿಸಿದರೆ ಅದೇ ತೊಂದರೆ ವಾಪಸ್ ಬರುತ್ತದೆ.

ನಾಲ್ಕು ವರ್ಷ ಒಗ್ಗಿದವರಿಗೆ ಈಗ ಒಗ್ಗುತ್ತಿಲ್ಲ ಅಂದರೆ ನಾನು ಮೊದಲು ಅನುಮಾನ ಪಡುವುದು ಅಳತೆಯನ್ನು. ಮೂರು ವಿಷಯ ನೋಡಿ ಹೇಳಿ. ಒಂದು, ಓದುವಾಗ ಗಲ್ಲ ಮೇಲಕ್ಕೆತ್ತುತ್ತೀರಾ, ಅಥವಾ ಮುಖ ಯಾವುದಾದರೂ ಪಕ್ಕಕ್ಕೆ ತಿರುಗಿಸುತ್ತೀರಾ? ಎರಡು, ಕನ್ನಡಕವನ್ನು ಬೆರಳಿನಿಂದ ಎರಡು ಮೂರು ಮಿಲಿಮೀಟರ್ ಮೇಲೆತ್ತಿ ಹಿಡಿದರೆ ಸ್ಕ್ರೀನ್ ಸ್ಪಷ್ಟವಾಗುತ್ತಾ? ಮೂರು, ಮೂಗು ನೇರ ಇಟ್ಟುಕೊಂಡು, ತಲೆ ಅಲ್ಲಾಡಿಸದೆ, ಪುಸ್ತಕವನ್ನು ಎಡಕ್ಕೂ ಬಲಕ್ಕೂ ಸರಿಸಿ. ಯಾವ ಜಾಗದಲ್ಲಿ ಅಕ್ಷರ ಅತಿ ಸ್ಪಷ್ಟ? ಮೊದಲು ಎರಡೂ ಕಣ್ಣು ತೆರೆದು, ಆಮೇಲೆ ಒಂದೊಂದೇ ಕಣ್ಣು ಮುಚ್ಚಿ.

ಗಿರಾಕಿ ದೇವರಲ್ಲ

ನಾನು ಅಂಗಡಿ ನಡೆಸುವವನು, ನಮ್ಮ ಕಡೆಯ ಮಾತನ್ನೂ ಕೇಳಿ. ಬರುವ ದೂರುಗಳಲ್ಲಿ ಎಷ್ಟೋ "ಪಕ್ಕದಲ್ಲಿ ಮಬ್ಬು" ಅನ್ನುವವು. ಪ್ರೋಗ್ರೆಸಿವ್‌ನಲ್ಲಿ ಕೆಳಗಿನ ಎರಡು ಮೂಲೆಗಳಲ್ಲಿ ಮಬ್ಬು ಇದ್ದೇ ಇರುತ್ತದೆ. ಮಧ್ಯದಲ್ಲಿ ಗೆರೆ ಇಲ್ಲದೆ ಪವರ್ ಬದಲಾಗಬೇಕು ಅಂದರೆ ಅದಕ್ಕೆ ಕೊಡುವ ಬೆಲೆ ಅದು. ಆಡ್ ಹೆಚ್ಚಿದಷ್ಟೂ ಅದೂ ಜಾಸ್ತಿ. 1.75ರಿಂದ 2.00ಕ್ಕೆ ಹೋಗಿದ್ದಾರೆ, ಓದುವ ಜಾಗ ಸ್ವಲ್ಪ ಕಿರಿದಾದಂತೆ ಅನ್ನಿಸಿರಬಹುದು. ಅದನ್ನು ರೀಮೇಕ್ ಮಾಡಿ ತೆಗೆಯಲು ಆಗುವುದಿಲ್ಲ.

ಕರಡು ತಿದ್ದುವವಳು

ಮಾಡಿ ನೋಡಿದೆ. ಗಲ್ಲ ಎತ್ತುವುದಿಲ್ಲ. ಮೇಲೆತ್ತಿ ಹಿಡಿದರೆ ವ್ಯತ್ಯಾಸ ಇಲ್ಲ, ಕೆಳಗೆ ಜಾರಿಸಿದರೆ ಇನ್ನೂ ಕೆಟ್ಟದಾಗುತ್ತೆ.

ಮೂರನೆಯದು ಮಾಡುವಾಗ ನನಗೇ ಆಶ್ಚರ್ಯ ಆಯಿತು. ಮೂಗಿನ ನೇರಕ್ಕೆ ಹಿಡಿದ ಸಾಲು ಮಸುಕು. ಪುಸ್ತಕವನ್ನು ಬಲಕ್ಕೆ ಎರಡು ಬೆರಳಿನಷ್ಟು ಸರಿಸಿದರೆ ಸ್ಪಷ್ಟ. ಎಡಗಣ್ಣು ಮುಚ್ಚಿದರೂ ಬಲಕ್ಕೇ, ಬಲಗಣ್ಣು ಮುಚ್ಚಿದರೂ ಬಲಕ್ಕೇ. ಹಳೆಯ ಕನ್ನಡಕದಲ್ಲಿ ನೇರಕ್ಕೇ ಸ್ಪಷ್ಟ. ಯಜಮಾನರನ್ನು ಕರೆದು ನಾನು ಕೆಲಸ ಮಾಡುವುದನ್ನು ನೋಡಲು ಹೇಳಿದೆ. ನಾನು ಮುಖವನ್ನು ಎಡಕ್ಕೆ ತಿರುಗಿಸಿ ಕಡೆಗಣ್ಣಿನಿಂದ ಓದುತ್ತಿದ್ದೇನಂತೆ! ನನಗೆ ಗೊತ್ತೇ ಇರಲಿಲ್ಲ.

ಫಿಟ್ಟಿಂಗ್ ಮೇಜು

ಕುತ್ತಿಗೆ ನೋವಿಗೆ ಕಾರಣ ಸಿಕ್ಕಿತು. ಇದು ಒಗ್ಗುವ ಮಾತಲ್ಲ. ಎರಡೂ ಲೆನ್ಸಿನ ಸ್ಪಷ್ಟ ದಾರಿ ಬಲಕ್ಕೆ ಕೂತಿದೆ ಅನ್ನಿಸುತ್ತೆ. ಗಿರಾಕಿ ದೇವರಲ್ಲ ಅವರು ಹೇಳಿದ ಮಬ್ಬು ಎರಡೂ ಪಕ್ಕ ಸಮನಾಗಿರಬೇಕು. ಒಂದೇ ಪಕ್ಕಕ್ಕೆ ವಾಲಿದ್ದರೆ ಅದು ಲೆನ್ಸಿನ ಗುಣ ಅಲ್ಲ.

ನಿಮ್ಮ ಆರ್ಡರ್ ಚೀಟಿ ಇದೆಯಾ? ಹೊಸದು, ಹಳೆಯದು ಎರಡೂ. ಅದರಲ್ಲಿ ಪಿಡಿ ಅಂತ ಬರೆದಿರುತ್ತದೆ, ಎರಡು ಕಣ್ಣಿನ ಪಾಪೆಗಳ ನಡುವಿನ ದೂರ ಅದು. ಒಂದು ಸಂಖ್ಯೆ ಇದೆಯೋ ಎರಡೋ ನೋಡಿ.

ಕರಡು ತಿದ್ದುವವಳು

ಹೊಸ ಚೀಟಿಯಲ್ಲಿ: ಪಿಡಿ 65.
ಹಳೆಯ ಅಂಗಡಿಯ ಚೀಟಿಯಲ್ಲಿ: ಬಲ 31, ಎಡ 34.

ಅರ್ಧ ಮಿಲಿ

31 ಮತ್ತು 34 ಕೂಡಿದರೆ 65 ತಾನೇ? ಲೆಕ್ಕ ಸರಿ ಇದೆಯಲ್ಲ, ಇದರಲ್ಲಿ ಅಂಗಡಿಯವರ ತಪ್ಪೇನು? ನನ್ನ ಕನ್ನಡಕಕ್ಕೆ ಯಾವಾಗಲೂ ಒಂದೇ ಸಂಖ್ಯೆ ಬರೆಯುತ್ತಾರೆ, ಆರಾಮಾಗಿ ಇದ್ದೇನೆ. ನೀವು ಸುಮ್ನೆ ಹುಳ ಬಿಡುತ್ತಿದ್ದೀರಿ.

ಫಿಟ್ಟಿಂಗ್ ಮೇಜು

ಅರ್ಧ ಮಿಲಿ ಅವರೇ, ನಿಮ್ಮದು ಸಿಂಗಲ್ ಪವರ್ ಕನ್ನಡಕ ಇರಬೇಕು. ಅದಕ್ಕೆ ನಿಮ್ಮ ಮಾತು ಬಹುಮಟ್ಟಿಗೆ ಸರಿ. ಒಟ್ಟು ಸರಿಯಿದ್ದರೆ ಎರಡೂ ಕಣ್ಣಿಗೆ ಆಗುವ ಎಳೆತ ಒಂದೇ ದಿಕ್ಕಿಗೆ ಇರುತ್ತದೆ, ಕಣ್ಣುಗಳು ಒಂದರ ವಿರುದ್ಧ ಇನ್ನೊಂದು ಎಳೆದಾಡುವುದಿಲ್ಲ. ಪ್ರೋಗ್ರೆಸಿವ್‌ನಲ್ಲಿ ಹಾಗಲ್ಲ. ಅಲ್ಲಿ ದೂರದಿಂದ ಹತ್ತಿರಕ್ಕೆ ಇಳಿಯಲು ಒಂದು ಕಿರಿದಾದ ಓಣಿ ಇದೆ, ಕಾರಿಡಾರ್ ಅನ್ನುತ್ತೇವೆ. ಕಣ್ಣಿನ ಪಾಪೆ ಆ ಓಣಿಯ ನೆತ್ತಿಯ ಮೇಲೇ ನಿಲ್ಲಬೇಕು.

ಎಲ್ಲರ ಮೂಗೂ ಮುಖದ ನಟ್ಟನಡುವೆ ಇರುವುದಿಲ್ಲ. ಮೇಡಂ ಅವರ ಬಲಗಣ್ಣು ಮೂಗಿನ ಮಧ್ಯದಿಂದ 31 ಮಿಲಿಮೀಟರ್, ಎಡಗಣ್ಣು 34. ಅಂಗಡಿಯಲ್ಲಿ 65 ಅಂತ ಒಂದೇ ಸಂಖ್ಯೆ ಬರೆದರೆ ಲ್ಯಾಬ್‌ನವರು ಅರ್ಧ ಮಾಡುತ್ತಾರೆ: 32.5, 32.5. ಬಲ ಲೆನ್ಸಿನ ಓಣಿ ಕಣ್ಣಿಗಿಂತ ಒಂದೂವರೆ ಮಿಲಿಮೀಟರ್ ಆಚೆಗೆ, ಕಿವಿಯ ಕಡೆಗೆ ಹೋಯಿತು. ಎಡ ಲೆನ್ಸಿನದು ಒಂದೂವರೆ ಮಿಲಿಮೀಟರ್ ಮೂಗಿನ ಕಡೆಗೆ ಬಂತು. ಹಾಕಿಕೊಂಡವರ ಲೆಕ್ಕದಲ್ಲಿ ಎರಡೂ ಬಲಕ್ಕೇ!

ಒಂದೂವರೆ ಮಿಲಿಮೀಟರ್ ಅಂದರೆ ಏನು ಮಹಾ ಅನ್ನಿಸುತ್ತೆ. ಆದರೆ ಅದು ಲೆನ್ಸಿನ ಮೇಲಿನ ಅಳತೆ. 40 ಸೆಂಟಿಮೀಟರ್ ದೂರದ ಪುಸ್ತಕದ ಮೇಲೆ ಅದು ಸುಮಾರು ಎರಡೂಕಾಲು, ಎರಡೂವರೆ ಸೆಂಟಿಮೀಟರ್ ಆಗುತ್ತದೆ. ಸ್ಕ್ರೀನ್ ಇನ್ನೂ ದೂರ, ಅಲ್ಲಿ ಇನ್ನೂ ಜಾಸ್ತಿ. ಮೇಡಂ "ಎರಡು ಬೆರಳು" ಅಂದರಲ್ಲ, ಅಲ್ಲಿಗೆ ಲೆಕ್ಕ ಕೂಡಿತು. ಸ್ಕ್ರೀನ್ ಹೆಚ್ಚು ಕಷ್ಟ ಅನ್ನುವುದಕ್ಕೆ ಇನ್ನೊಂದು ಕಾರಣ, ಓಣಿ ಅತಿ ಕಿರಿದಾಗಿರುವುದು ಆ ಮಧ್ಯದ ದೂರಕ್ಕೇ. ದೂರದ ಭಾಗ ಅಗಲ ಇರುವುದರಿಂದ ಅಲ್ಲಿ ಗೊತ್ತೇ ಆಗುವುದಿಲ್ಲ. ಅದಕ್ಕೇ ಅಂಗಡಿಯ ಗೋಡೆಯ ಚಾರ್ಟ್ ತೋರಿಸಿದರೆ ನೀವು ಕೊನೆಯ ಸಾಲಿನವರೆಗೂ ಓದಿಬಿಡುತ್ತೀರಿ, ಅವರು ಸರಿಯಿದೆ ಅನ್ನುತ್ತಾರೆ.

ಅರ್ಧ ಮಿಲಿ

ಸರಿ, ಆದರೆ ಲ್ಯಾಬ್ ಅರ್ಧ ಮಾಡಿದೆ ಅಂತ ನಿಮಗೆ ಹೇಗೆ ಗೊತ್ತು? ಚೀಟಿಯಲ್ಲಿ 65 ಬರೆದು ಕಂಪ್ಯೂಟರ್‌ನಲ್ಲಿ 31, 34 ಹಾಕಿರಬಹುದಲ್ಲ.

ಫಿಟ್ಟಿಂಗ್ ಮೇಜು

ಒಳ್ಳೆಯ ಪ್ರಶ್ನೆ. ಲೆನ್ಸನ್ನೇ ಕೇಳೋಣ. ಪ್ರೋಗ್ರೆಸಿವ್ ಲೆನ್ಸಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೆತ್ತನೆ ಗುರುತುಗಳಿರುತ್ತವೆ. ಒಂದು ಮೂಗಿನ ಕಡೆ, ಒಂದು ಕಿವಿಯ ಕಡೆ, ಎರಡರ ನಡುವೆ 34 ಮಿಲಿಮೀಟರ್. ಕಿವಿಯ ಕಡೆಯದರ ಕೆಳಗೆ ಸಾಮಾನ್ಯವಾಗಿ ಆಡ್ ಬರೆದಿರುತ್ತದೆ, ನಿಮ್ಮದರಲ್ಲಿ 20 ಅಂತ ಇರಬೇಕು. ಲೆನ್ಸಿಗೆ ಉಸಿರು ಊದಿ, ದೀಪದ ಬೆಳಕಿಗೆ ಓರೆಯಾಗಿ, ಹಿಂದೆ ಕಪ್ಪು ಬಟ್ಟೆ ಇಟ್ಟು ನೋಡಿ. ಸಿಕ್ಕ ಕೂಡಲೇ ಒರೆಸಿದರೆ ಹೋಗುವ ಮಾರ್ಕರ್‌ನಿಂದ ಚುಕ್ಕಿ ಇಡಿ. ಎರಡು ಚುಕ್ಕಿಗಳ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ನೇರ ಗೆರೆ ಎಳೆಯಿರಿ, ಓಣಿಯ ನೆತ್ತಿ ಆ ಗೆರೆಯ ಮೇಲೇ ಇರುತ್ತದೆ. ಆಮೇಲೆ ಫ್ರೇಮಿನ ಮೂಗಿನ ಸೇತುವೆಯ ಮಧ್ಯದಿಂದ ಆ ಗೆರೆಗೆ ಎಷ್ಟು ಅಂತ ಸ್ಕೇಲ್ ಇಟ್ಟು ಅಳೆಯಿರಿ.

ಆ ಚುಕ್ಕಿಗಳಿಟ್ಟುಕೊಂಡೇ ಕನ್ನಡಕ ಹಾಕಿ, ಯಜಮಾನರಿಗೆ ನಿಮ್ಮ ಕಣ್ಣಿನ ಎತ್ತರಕ್ಕೇ ಫೋನ್ ಹಿಡಿದು, ಎರಡು ಮೀಟರ್ ಹಿಂದೆ ನಿಂತು ಫೋಟೋ ತೆಗೆಯಲು ಹೇಳಿ. ತೀರ ಹತ್ತಿರದಿಂದ ತೆಗೆದರೆ ಕಣ್ಣುಗಳು ಮೂಗಿನ ಕಡೆಗೆ ಸೇರುತ್ತವೆ, ಅಳತೆ ಸುಳ್ಳಾಗುತ್ತದೆ.

ಹತ್ತಿರದ ಅಕ್ಷರ

ಇಷ್ಟೆಲ್ಲಾ ಯಾರು ಮಾಡ್ತಾರೆ! ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂತ ಅಂಗಡಿಗೆ ಒಂದು ನೋಟಿಸ್ ಹಾಕಿ, ತಾವಾಗಿಯೇ ದಾರಿಗೆ ಬರ್ತಾರೆ.

ಗಿರಾಕಿ ದೇವರಲ್ಲ

ಮೊದಲ ಪತ್ರವೇ ನೋಟಿಸ್ ಆದರೆ ನಾನು ಅಳತೆ ಟೇಪು ತೆಗೆಯುವ ಬದಲು ವಕೀಲರಿಗೆ ಫೋನ್ ಮಾಡುತ್ತೇನೆ. ಆಮೇಲೆ ಲೆನ್ಸ್ ಯಾವಾಗ ಬರುತ್ತೋ.

ಕರಡು ತಿದ್ದುವವಳು

ಗುರುತು ಹುಡುಕಲು ಅರ್ಧ ಗಂಟೆ ಬೇಕಾಯಿತು, ಆದರೆ ಸಿಕ್ಕವು. 20 ಅಂತಲೂ ಇದೆ. ಅಳತೆ: ಬಲ 32 ಮತ್ತು 33ರ ನಡುವೆ, ಎಡವೂ ಹಾಗೆಯೇ. ಫೋಟೋದಲ್ಲಿ ಎರಡೂ ಗೆರೆಗಳು ಪಾಪೆಯ ಒಂದೇ ಪಕ್ಕಕ್ಕೆ ಬಿದ್ದಿವೆ. ನನ್ನ ಬಲಕ್ಕೆ.

ಈಗ ಪತ್ರದಲ್ಲಿ "ನೀವು 32.5 ಹಾಕಿದ್ದೀರಿ, 31 ಮತ್ತು 34 ಹಾಕಿ" ಅಂತ ಬರೆದುಬಿಡಲಾ?

ಫಿಟ್ಟಿಂಗ್ ಮೇಜು

ಅಲ್ಲಿ ಸ್ವಲ್ಪ ನಿಲ್ಲಿ. 31, 34 ಹಳೆಯ ಅಂಗಡಿಯ ಅಳತೆ. ಅದನ್ನು ಈ ಅಂಗಡಿಯವರು ಕಣ್ಣು ಮುಚ್ಚಿ ಹಾಕಿ, ಮತ್ತೆ ಸರಿಬರದಿದ್ದರೆ "ನೀವೇ ಕೊಟ್ಟ ಅಳತೆ" ಅನ್ನುತ್ತಾರೆ. ನೀವು ಕಂಡದ್ದನ್ನು ಬರೆಯಿರಿ, ಅಳೆಯುವ ಕೆಲಸ ಅವರಿಗೆ ಬಿಡಿ. ಕೇಳಬೇಕಾದದ್ದು: ಒಂದೊಂದು ಕಣ್ಣಿನ ಪಿಡಿ ಬೇರೆ ಬೇರೆ, ಮತ್ತು ಪಾಪೆಯ ಎತ್ತರ, ಎರಡನ್ನೂ ಈ ಫ್ರೇಮ್ ಮುಖದ ಮೇಲಿರುವಾಗಲೇ ತೆಗೆಯಬೇಕು.

ಇನ್ನೊಂದು ಮುಖ್ಯ ಮಾತು. ಪವರ್, ಲೆನ್ಸಿನ ಡಿಸೈನ್, ಫ್ರೇಮ್, ಅಳತೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಒಪ್ಪಬೇಡಿ. ಕೆಲವರು "ಇದರ ಮೇಲಿನ ದರ್ಜೆ ಲೆನ್ಸ್ ತಗೊಳ್ಳಿ, ವ್ಯತ್ಯಾಸ ಕೊಟ್ಟರೆ ಸಾಕು" ಅನ್ನುತ್ತಾರೆ. ಅಗಲದ ಓಣಿಯ ಲೆನ್ಸ್ ಹಾಕಿದರೆ ತಪ್ಪು ಅಳತೆ ಸ್ವಲ್ಪ ಮುಚ್ಚಿಹೋಗುತ್ತದೆ, ನಿಜ. ಆದರೆ ಅವರ ತಪ್ಪನ್ನು ಮುಚ್ಚಲು ನೀವು ದುಡ್ಡು ಕೊಟ್ಟಂತಾಯಿತು.

ರೀಮೇಕ್‌ಗೆ ಮೊದಲು ಪವರನ್ನು ಒಮ್ಮೆ ಲೆನ್ಸೋಮೀಟರ್‌ನಲ್ಲಿ ಚೀಟಿಗೆ ತಾಳೆ ನೋಡಲಿ. ಅದೂ ತಪ್ಪಿದ್ದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಅರ್ಧ ಮಿಲಿ

ನನಗೆ ಇದು ಒಪ್ಪಿಗೆ ಇಲ್ಲ. ಅಳೆದ ಸಂಖ್ಯೆ ಕೈಯಲ್ಲಿದ್ದೂ ಬರೆಯದೆ ಇದ್ದರೆ ಅವರು ಮತ್ತೆ ಕಡ್ಡಿ ಬಗ್ಗಿಸಿ ಕಳಿಸುತ್ತಾರೆ. ಸಂಖ್ಯೆ ಬರೆಯಬೇಕು.

ಗಿರಾಕಿ ದೇವರಲ್ಲ

ಬರೆದರೆ ನಮ್ಮಲ್ಲಿ ಕೆಲವರಿಗೆ ಕೋಪ ಬರುತ್ತೆ, ಕೆಲವರು ಎದ್ದು ಅಳೆಯುತ್ತಾರೆ. ಎದುರಿಗಿರುವವನ ಮೇಲೆ ಹೋಗುತ್ತೆ. ನಾನಾದರೆ ಫೋಟೋ ನೋಡಿದ ಮೇಲೆ ವಾದ ಮಾಡುವುದಿಲ್ಲ.

ಕರಡು ತಿದ್ದುವವಳು

ಎರಡರ ನಡುವೆ ಹೋದೆ. ಚೀಟಿಯಲ್ಲಿ ಇರುವ ಸಂಖ್ಯೆಗಳನ್ನು ಬರೆದೆ, ನಾನು ಅಳೆದದ್ದನ್ನು ಬಿಟ್ಟು ಫೋಟೋ ಇಟ್ಟೆ. ಹೊಸ ಪತ್ರ:

"ವಿಷಯ: ಪ್ರೋಗ್ರೆಸಿವ್ ಲೆನ್ಸ್ ಮರು ಅಳತೆ ಮತ್ತು ರೀಮೇಕ್ ಕೋರಿಕೆ

ಮಾನ್ಯರೇ,

ಮೇಲಿನ ಆರ್ಡರ್ ಸಂಖ್ಯೆಯ ಕನ್ನಡಕವನ್ನು 38 ದಿನಗಳ ಹಿಂದೆ ನಿಮ್ಮಲ್ಲಿ ಪಡೆದೆ. ತೊಂದರೆ ಇದೆ ಎಂದು 9ನೇ ದಿನ ಮತ್ತು 22ನೇ ದಿನ ಅಂಗಡಿಗೆ ಬಂದು ತಿಳಿಸಿದ್ದೇನೆ. ಎರಡೂ 30 ದಿನಗಳ ಟ್ರಯಲ್ ಅವಧಿಯ ಒಳಗಿನ ದಿನಗಳು. 22ನೇ ದಿನ ಫ್ರೇಮಿನ ಕಡ್ಡಿ ಸರಿಪಡಿಸಿದಿರಿ, ತೊಂದರೆ ಹೋಗಲಿಲ್ಲ.

ದೂರದ ನೋಟ ಚೆನ್ನಾಗಿದೆ. ಓದುವಾಗ ಮತ್ತು ಸ್ಕ್ರೀನ್ ನೋಡುವಾಗ ಮೂಗಿನ ನೇರಕ್ಕೆ ಇರುವುದು ಮಸುಕಾಗಿ, ಅದರ ಬಲಕ್ಕೆ ಸುಮಾರು ಎರಡು ಬೆರಳಿನ ಆಚೆ ಸ್ಪಷ್ಟವಾಗಿ ಕಾಣುತ್ತದೆ. ಒಂದೊಂದೇ ಕಣ್ಣಿನಿಂದ ನೋಡಿದರೂ ಹಾಗೆಯೇ. ಇದರಿಂದ ಮುಖ ಎಡಕ್ಕೆ ತಿರುಗಿಸಿ ಓದಬೇಕಾಗಿದೆ. ಇದೇ ಬಗೆಯ ಲೆನ್ಸನ್ನು ನಾಲ್ಕು ವರ್ಷ ಹಾಕಿದ್ದೇನೆ, ಅದರಲ್ಲಿ ಈ ತೊಂದರೆ ಇಲ್ಲ.

ನಿಮ್ಮ ಚೀಟಿಯಲ್ಲಿ ಪಿಡಿ 65 ಎಂದು ಒಂದೇ ಸಂಖ್ಯೆ ಇದೆ. ನನ್ನ ಹಿಂದಿನ ಚೀಟಿಯಲ್ಲಿ ಬಲ 31, ಎಡ 34 ಎಂದಿದೆ. ಲೆನ್ಸಿನ ಕೆತ್ತನೆ ಗುರುತುಗಳಿಗೆ ಚುಕ್ಕಿ ಇಟ್ಟು ತೆಗೆದ ಫೋಟೋ ಜೊತೆಗಿದೆ. ಎರಡೂ ಲೆನ್ಸಿನ ಮಧ್ಯದ ಗೆರೆ ಪಾಪೆಯ ಬಲಕ್ಕೆ ಇರುವುದು ಅದರಲ್ಲಿ ಕಾಣುತ್ತದೆ.

ದಯವಿಟ್ಟು ಈ ಲೆನ್ಸಿನ ಪವರನ್ನು ಚೀಟಿಗೆ ತಾಳೆ ನೋಡಿ, ಫ್ರೇಮ್ ಹಾಕಿಕೊಂಡಿರುವಾಗ ಪ್ರತಿ ಕಣ್ಣಿನ ಪಿಡಿ ಮತ್ತು ಎತ್ತರವನ್ನು ಮತ್ತೆ ಅಳೆದು, ಅಳತೆಯನ್ನು ನನಗೂ ಬರೆದುಕೊಡಿ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಅದೇ ಫ್ರೇಮಿಗೆ, ಅದೇ ಪವರ್ ಮತ್ತು ಅದೇ ಡಿಸೈನಿನ ಲೆನ್ಸನ್ನು ಶುಲ್ಕವಿಲ್ಲದೆ ಮಾಡಿಸಿಕೊಡಿ. ಆ ಲೆನ್ಸಿಗೆ ಟ್ರಯಲ್ ಅವಧಿ ಹೊಸದಾಗಿ ಶುರುವಾಗಬೇಕು ಎಂದು ಕೋರುತ್ತೇನೆ. ಅಳತೆ ಸರಿಯಿದೆ ಎಂದಾದರೆ ಕಾರಣವನ್ನು ಬರಹದಲ್ಲಿ ತಿಳಿಸಿ.

ಏಳು ದಿನಗಳ ಒಳಗೆ ಅಳತೆಗೆ ಸಮಯ ಕೊಡುವಿರೆಂದು ನಂಬಿದ್ದೇನೆ."

ಗಿರಾಕಿ ದೇವರಲ್ಲ

ಇದಕ್ಕೆ ಉತ್ತರ ಕೊಡದೆ ಇರುವುದು ಕಷ್ಟ. ಟ್ರಯಲ್ ಮುಗಿಯಿತು ಅನ್ನುವ ಮಾತಿಗೆ 9 ಮತ್ತು 22 ಸಾಕು. ಲೆನ್ಸ್ ಬಿಟ್ಟುಬರುವ ಮೊದಲು ಚುಕ್ಕಿ ಒರೆಸಬೇಡಿ.

ಫಿಟ್ಟಿಂಗ್ ಮೇಜು

ಚೆನ್ನಾಗಿದೆ. "ಕಾರಣವನ್ನು ಬರಹದಲ್ಲಿ" ಅನ್ನುವುದು ನನಗೆ ಹೊಳೆದಿರಲಿಲ್ಲ. ಲೆನ್ಸ್ ಬಂದ ದಿನ ಅಂಗಡಿಯಲ್ಲೇ ಕೂತು ಪುಸ್ತಕ ಸರಿಸುವ ಪರೀಕ್ಷೆ ಮಾಡಿ, ಗೋಡೆಯ ಚಾರ್ಟ್ ಓದಿ ಎದ್ದುಬರಬೇಡಿ. ಮತ್ತೆ, ದಿನಕ್ಕೆ ಆರು ಗಂಟೆ ಸ್ಕ್ರೀನ್ ನೋಡುವವರಿಗೆ ಅಳತೆ ಸರಿಯಿದ್ದರೂ ಪ್ರೋಗ್ರೆಸಿವ್ ಒಂದೇ ಸಾಲದೆ ಹೋಗಬಹುದು. ಮೇಜಿನ ಕೆಲಸಕ್ಕೇ ಅಂತ ಬೇರೆ ಲೆನ್ಸ್ ಬರುತ್ತದೆ. ಅದು ಈ ದೂರಿಗೆ ಸೇರುವುದಿಲ್ಲ, ಆಮೇಲೆ ಯೋಚಿಸಿ.

ಕರಡು ತಿದ್ದುವವಳು

ಐದು ದಿನ ಆಯಿತು, ಹೇಳಿಹೋಗೋಣ ಅಂತ ಬಂದೆ. ಪತ್ರ ತಲುಪಿದ ಮರುದಿನವೇ ಕರೆದರು. ಈ ಸಲ ಬೇರೆಯವರು ಅಳೆದರು, ಸಣ್ಣ ಯಂತ್ರದೊಳಗೆ ನೋಡಿಸಿ ಒಂದು ಸಲ, ಫ್ರೇಮ್ ಹಾಕಿಸಿ ಲೆನ್ಸಿನ ಮೇಲೆ ಪೆನ್ನಿನಿಂದ ಗುರುತಿಸಿ ಇನ್ನೊಂದು ಸಲ. ಬಲ 31, ಎಡ 33.5. ಪವರ್ ಸರಿಯಾಗಿಯೇ ಇತ್ತು. ತಪ್ಪಾಯಿತು ಅನ್ನಲಿಲ್ಲ, "ಈ ಸಲ ಬೇರೆ ಬೇರೆ ಹಾಕಿಸುತ್ತೇವೆ" ಅಂದರು. ದುಡ್ಡು ಕೇಳಲಿಲ್ಲ. ಟ್ರಯಲ್ ಹೊಸದಾಗಿ ಶುರುವಾಗುತ್ತಾ ಅಂದರೆ "ನೋಡೋಣ" ಅಂದರು. ಚೀಟಿಯ ಮೇಲೆ ಬರೆಸಿಕೊಳ್ಳಲು ಹೋದೆ, ಮಾಲೀಕರು ಇರಲಿಲ್ಲ.

ಅರ್ಧ ಮಿಲಿ

33.5! ಹಳೆಯ ಚೀಟಿಯಲ್ಲಿ 34 ಇತ್ತಲ್ಲ. ಯಾರದು ಸರಿ?

ಫಿಟ್ಟಿಂಗ್ ಮೇಜು

ಅರ್ಧ ಮಿಲಿ ಅಂತ ಹೆಸರಿಟ್ಟುಕೊಂಡು ನೀವು ಕೇಳಲೇಬೇಕಾದ ಪ್ರಶ್ನೆ. ಒಬ್ಬರೇ ಎರಡು ಸಲ ಅಳೆದರೂ ಅಷ್ಟು ಹೆಚ್ಚುಕಡಿಮೆ ಬರುತ್ತದೆ. ಅಷ್ಟಕ್ಕೆ ಯಾರೂ ಮುಖ ತಿರುಗಿಸಿ ಓದುವುದಿಲ್ಲ. ಮೇಡಂ, ಟ್ರಯಲ್ ವಿಷಯ ಮಾಲೀಕರಿಂದ ಮೆಸೇಜ್‌ನಲ್ಲಾದರೂ ತರಿಸಿಕೊಳ್ಳಿ, ಲೆನ್ಸ್ ಕೈಗೆ ಬರುವ ಮೊದಲೇ.

ಹತ್ತಿರದ ಅಕ್ಷರ

ನನ್ನ ಚೀಟಿ ಈಗ ತೆಗೆದು ನೋಡಿದೆ. ಪಿಡಿ 62 ಅಂತ ಒಂದೇ ಇದೆ. ಎರಡು ತಿಂಗಳು ಒಗ್ಗಿಸಿಕೊಂಡೆ ಅಂದೆನಲ್ಲ, ಮನೆಯವಳನ್ನು ಕೇಳಿದರೆ ನಾನು ಪೇಪರ್ ಯಾವಾಗಲೂ ಎಡಗಡೆಗೇ ಹಿಡಿಯುತ್ತೇನಂತೆ. ಮೂರು ವರ್ಷದಿಂದ. ಈಗ ಹೋದರೆ ಬದಲಾಯಿಸಿ ಕೊಡ್ತಾರಾ ಸರ್?